‘ಸಾಕು’ ಎನ್ನಲಾರದ ದೊರೆ

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗ ಬಂದಿದ್ದ. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಹೋಗುವಂತಿಲ್ಲ. ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ತೇದ ಹುಣಸೆಬೀಜ ಹಿಡಿದು, ನಾವಿಬ್ಬರೂ ಚೌಕಾಬಾರ ಆಡುತ್ತಿದ್ದೆವು. ಸತತ ನಾಲ್ಕು ಆಟ ಸೋತ ಹುಡುಗ ಬೀಜಗಳನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದ: “ತಾತ, ಧರ್ಮರಾಯ ಅಷ್ಟೊಂದು ಒಳ್ಳೆಯವನಾಗಿದ್ದರೆ ಜೂಜು ಯಾಕೆ ಆಡಿದ? ಸೋಲುತ್ತಿದ್ದೇನೆ ಅಂತ ಗೊತ್ತಾದ ಮೇಲಾದರೂ ಎದ್ದು ಬರಬಹುದಿತ್ತಲ್ಲ?”

ನಾನು ಚಿಕ್ಕವನಾಗಿದ್ದಾಗ ಇದೇ ಪ್ರಶ್ನೆಯನ್ನು ನನ್ನ ಅಜ್ಜಿಗೆ ಕೇಳಿದ್ದೆ. “ಶಕುನಿ ಮೋಸ ಮಾಡಿದ ಮಗು” ಎಂದು ಅಜ್ಜಿ ಹೇಳಿದ್ದರು. ಆ ಉತ್ತರ ಸುಳ್ಳಲ್ಲ. ಶಕುನಿ ಕಪಟವನ್ನೇ ನಂಬಿ ಆಡಿದನೆಂದು ಮಹಾಭಾರತವೇ ಹೇಳುತ್ತದೆ. ಆದರೆ ಮೊಮ್ಮಗನ ಪ್ರಶ್ನೆ ಬೇರೆ. ದಾಳ ಉರುಳಿಸಿದ್ದು ಶಕುನಿಯ ಕೈ, ನಿಜ. ಪಣ ಒಡ್ಡಿದ ಬಾಯಿ ಯಾರದು?

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದು ಬರೆದು ಬಂದ ಅಭ್ಯಾಸ ನನ್ನದು. ಏನಾದರೂ ಅರ್ಥವಾಗದಿದ್ದರೆ ಕಾಗದದ ಮೇಲೆ ಗೆರೆ ಎಳೆದು ಲೆಕ್ಕ ಬರೆಯುತ್ತೇನೆ. ಅಂದು ರಾತ್ರಿ ಸಭಾಪರ್ವವನ್ನು ತೆಗೆದು, ಧರ್ಮರಾಯನ ಖಾತೆಯನ್ನೇ ಬರೆಯುತ್ತಾ ಕುಳಿತೆ.

ಬಾಗಿಲಲ್ಲೇ ಗೊತ್ತಿತ್ತು

ಮೊದಲು ಕರೆ ಬಂದ ಬಗೆ ನೋಡೋಣ. ರಾಜಸೂಯ ಯಾಗ ಮುಗಿದಿತ್ತು. ಇಂದ್ರಪ್ರಸ್ಥದ ಮಯಸಭೆಯಲ್ಲಿ ದುರ್ಯೋಧನ ಸ್ಫಟಿಕದ ನೆಲವನ್ನು ನೀರೆಂದು ತಿಳಿದು ಬಟ್ಟೆ ಎತ್ತಿಕೊಂಡಿದ್ದ, ನೀರನ್ನು ನೆಲವೆಂದು ತಿಳಿದು ಕೊಳಕ್ಕೆ ಬಿದ್ದಿದ್ದ. ನೋಡಿದವರು ನಕ್ಕಿದ್ದರು. ಆ ನಗು ಅವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಯುದ್ಧದಲ್ಲಿ ಪಾಂಡವರನ್ನು ಗೆಲ್ಲಲಾಗದು, ಆದರೆ ಧರ್ಮರಾಯನಿಗೆ ಜೂಜೆಂದರೆ ಇಷ್ಟ, ಆಡಲು ಮಾತ್ರ ಬಾರದು ಎಂದು ಮಾವ ಶಕುನಿ ಕಿವಿಯೂದಿದ. ಮಗನ ಹಟಕ್ಕೆ ಧೃತರಾಷ್ಟ್ರ ಮಣಿದ. ಹಸ್ತಿನಾಪುರದಲ್ಲಿ ಹೊಸ ಸಭಾಭವನ ಎದ್ದಿತು. ಕರೆಯಲು ವಿದುರನೇ ಹೋದ.

ವಿದುರ ಏನನ್ನೂ ಮುಚ್ಚಿಡಲಿಲ್ಲ. ಜೂಜು ಅನರ್ಥದ ಬೇರು, ತಡೆಯಲು ನೋಡಿದೆ, ಆದರೂ ನನ್ನನ್ನು ಕಳಿಸಿದ್ದಾರೆ ಎಂದು ನೇರವಾಗಿ ಹೇಳಿದ. ಅಲ್ಲಿ ಯಾರು ಯಾರು ಆಡುತ್ತಾರೆ ಎಂದು ಧರ್ಮರಾಯ ಕೇಳಿದ. ಶಕುನಿಯ ಹೆಸರು ಮೊದಲು ಬಂತು. ಮಹಾ ಮೋಸದ ಜೂಜುಗಾರರೇ ಸೇರಿದ್ದಾರೆ ಎಂದು ಧರ್ಮರಾಯ ತಾನೇ ಒಪ್ಪಿಕೊಂಡ. ಜೂಜಿನಿಂದ ಜಗಳ ಹುಟ್ಟುತ್ತದೆ ಎಂಬುದೂ ಅವನದೇ ಮಾತು. ಎಲ್ಲ ತಿಳಿದೂ ಹೊರಟ. ಕಾರಣ? ಆಡಲು ಕರೆದರೆ ಹಿಂದೆಗೆಯುವುದಿಲ್ಲ ಎಂಬುದು ಅವನ ವ್ರತವಂತೆ.

ಮಕ್ಕಳೇ, ಇಲ್ಲಿ ಸ್ವಲ್ಪ ನಿಲ್ಲಿ. ಸುಳ್ಳು ಹೇಳುವುದಿಲ್ಲ ಎಂಬುದು ವ್ರತ. ಬಂದವರಿಗೆ ಅನ್ನವಿಕ್ಕುತ್ತೇನೆ ಎಂಬುದು ವ್ರತ. ‘ಆಟಕ್ಕೆ ಕರೆದರೆ ಬರುವುದಿಲ್ಲ ಎನ್ನಲಾರೆ’ ಎಂಬುದು ಎಂಥ ವ್ರತ? ದೊಡ್ಡಪ್ಪನ ಆಜ್ಞೆ ಮೀರಬಾರದು ಎಂಬ ವಿಧೇಯತೆ ಅದರಲ್ಲಿತ್ತು, ನಿಜ. ಅದರ ಜೊತೆಗೆ ‘ಹೆದರಿ ಹಿಂದೆ ಸರಿದ’ ಎಂದು ನಾಲ್ಕು ಜನ ಆಡಿಕೊಂಡಾರು ಎಂಬ ಅಂಜಿಕೆಯೂ ಇತ್ತು. ಅಭಿಮಾನ ಎಷ್ಟೋ ಸಲ ವ್ರತದ ವೇಷ ಹಾಕಿಕೊಂಡು ಬರುತ್ತದೆ.

ಸಭೆಗೆ ಬಂದ ಮೇಲೆ ಇನ್ನೊಂದು ಅವಕಾಶ ಸಿಕ್ಕಿತು. ಪಣ ದುರ್ಯೋಧನನದು, ಆಡುವವನು ಶಕುನಿ ಎಂದು ಗೊತ್ತಾಯಿತು. ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ನನಗೆ ಸರಿ ಕಾಣುವುದಿಲ್ಲ ಎಂದು ಧರ್ಮರಾಯ ಹೇಳಿದ. ಹೇಳಿ, ಕುಳಿತ.

ಖಾತೆಯ ಎರಡು ಪುಟ

ಮೊದಲ ಪಣ ಕಡಲಲ್ಲಿ ಹುಟ್ಟಿದ ಮಣಿಗಳ, ಬಂಗಾರದ ಹಾರ. ಎರಡನೆಯದು ಚಿನ್ನದ ನಾಣ್ಯ ತುಂಬಿದ ಕೊಡಗಳು. ಮೂರನೆಯದು ಅವನು ಏರಿ ಬಂದ ರಾಜರಥ, ಅದರ ಎಂಟು ಬಿಳಿ ಕುದುರೆಗಳ ಸಮೇತ. ಆಮೇಲೆ ದಾಸಿಯರು, ದಾಸರು, ಆನೆಗಳು, ರಥಗಳು, ಗಂಧರ್ವನು ಅರ್ಜುನನಿಗೆ ಕೊಟ್ಟ ಕುದುರೆಗಳು, ಸೈನಿಕರು, ಚಿನ್ನ ತುಂಬಿದ ನಾನೂರು ಪೆಟ್ಟಿಗೆಗಳು. ಇಲ್ಲಿಗೆ ಹತ್ತು ಗರ ಆಯಿತು. ಹತ್ತೂ ಸೋಲು.

ಲೆಕ್ಕ ಬರೆಯುವಾಗ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಪ್ರತಿ ಪಣವನ್ನೂ ಧರ್ಮರಾಯ ವರ್ಣಿಸುತ್ತಾನೆ. ರಥ ಎಂದರೆ ಬರೀ ರಥವಲ್ಲ, ಅದರ ಹೊದಿಕೆ ಎಂಥದು, ಗಾಲಿಯ ಸದ್ದು ಎಂಥದು. ಆನೆ ಎಂದರೆ ಅದರ ದಂತ, ಅದರ ಅಲಂಕಾರ. ಕಳೆದುಕೊಳ್ಳಲು ಹೊರಟ ವಸ್ತುವಿನ ವೈಭವವನ್ನು ಸಭೆಯ ಮುಂದೆ ಬಿಡಿಸಿ ಹೇಳುತ್ತಾನೆ. ಶಕುನಿಯದು ಒಂದೇ ಉತ್ತರ: ಗೆದ್ದೆ. ಅವನಿಗೆ ವರ್ಣನೆ ಬೇಕಿಲ್ಲ. ಆಡಂಬರದ ಮಾತೆಲ್ಲ ಸೋಲುವವನ ಕಡೆ, ಲೆಕ್ಕವೆಲ್ಲ ಗೆಲ್ಲುವವನ ಕಡೆ.

ಹತ್ತನೆಯ ಗರ ಮುಗಿದಾಗ ವಿದುರ ಎದ್ದು ನಿಂತು ಧೃತರಾಷ್ಟ್ರನಿಗೆ ಬುದ್ಧಿ ಹೇಳಿದ. ಆಟ ಕೆಲಹೊತ್ತು ನಿಂತಿತು. ರಾಜ್ಯ ಇನ್ನೂ ಧರ್ಮರಾಯನ ಕೈಯಲ್ಲೇ ಇತ್ತು. ತಮ್ಮಂದಿರು ಪಕ್ಕದಲ್ಲೇ ಇದ್ದರು. ಎದ್ದು ಹೋಗಿದ್ದರೆ ನಷ್ಟ ಬರೀ ಸಂಪತ್ತಿನದು, ಇಂದ್ರಪ್ರಸ್ಥದಂಥ ನಗರ ಅದನ್ನು ಕೆಲವು ವರ್ಷಗಳಲ್ಲಿ ತುಂಬಿಕೊಡುತ್ತಿತ್ತು.

ಆಗ ಶಕುನಿ ಕೇಳಿದ: ಪಾಂಡವರ ಸಂಪತ್ತನ್ನು ಬಹಳ ಸೋತೆ, ಸೋಲದೆ ಉಳಿದದ್ದು ಇನ್ನೇನಾದರೂ ಇದೆಯೇ?

ಈ ಪ್ರಶ್ನೆಯೇ ಗಾಳ. ಇದರಲ್ಲಿ ‘ನಿನ್ನ ಬಳಿ ಏನೂ ಉಳಿದಿಲ್ಲ, ಅಲ್ಲವೇ?’ ಎಂಬ ಹಂಗಿಸುವಿಕೆ ಇದೆ. ಧರ್ಮರಾಯ ಅದನ್ನು ಕಚ್ಚಿದ. ನನ್ನ ಹತ್ತಿರ ಎಣಿಸಲಾರದಷ್ಟು ಹಣವಿದೆ, ಹಣದ ವಿಷಯ ನನ್ನನ್ನೇಕೆ ಕೇಳುತ್ತೀಯೆ ಎಂದು ಉತ್ತರಿಸಿದ. ಆ ಹಣವೂ ಹೋಯಿತು. ದನಕರು ಹೋಯಿತು. ನಗರ, ನಾಡು, ಜನ ಹೋದರು. ರಾಜಕುಮಾರರು ತೊಟ್ಟ ಒಡವೆ ಹೋಯಿತು. ಒಡ್ಡಲು ಇನ್ನೇನೂ ಇಲ್ಲದಾದಾಗ ನಕುಲನನ್ನು ಒಡ್ಡಿದ, ಆಮೇಲೆ ಸಹದೇವನನ್ನು.

ಇಲ್ಲಿ ಶಕುನಿಯ ಎರಡನೆಯ ಗಾಳ. ಮಾದ್ರಿಯ ಮಕ್ಕಳನ್ನು ಸೋತೆ, ಭೀಮಾರ್ಜುನರು ನಿನಗೆ ಅವರಿಗಿಂತ ಹೆಚ್ಚೆಂದು ಕಾಣುತ್ತದೆ ಎಂದು ಚುಚ್ಚಿದ. ಮಲತಾಯಿಯ ಮಕ್ಕಳೆಂದು ಭೇದ ಮಾಡಿದ ಎಂಬ ಮಾತು ಧರ್ಮರಾಯನಿಗೆ ಸಹಿಸದ ಮಾತು. ತಾನು ಅಂಥವನಲ್ಲ ಎಂದು ತೋರಿಸಲು ಅರ್ಜುನನನ್ನು ಒಡ್ಡಿದ, ಭೀಮನನ್ನು ಒಡ್ಡಿದ, ತನ್ನನ್ನೇ ಒಡ್ಡಿಕೊಂಡ. ಕೊನೆಗೆ ಶಕುನಿಯೇ ನೆನಪು ಮಾಡಿಕೊಟ್ಟ ಮೇಲೆ ದ್ರೌಪದಿಯನ್ನು ಒಡ್ಡಿದ. ಆಗಲೂ ಆಕೆಯ ಗುಣವನ್ನು ವರ್ಣಿಸಿಯೇ ಒಡ್ಡಿದ!

ಒಟ್ಟು ಇಪ್ಪತ್ತು ಗರ. ಮೊದಲ ಹತ್ತು ಒಂದು ಪುಟ, ಮುಂದಿನ ಹತ್ತು ಇನ್ನೊಂದು ಪುಟ. ಮೊದಲ ಪುಟದಲ್ಲಿ ಹೋದದ್ದು ಬರೀ ಆಸ್ತಿ ಎಂದು ಬರೆದಿದ್ದೆ. ಆಮೇಲೆ ದಾಸಿಯರು, ದಾಸರು ಎಂದು ನಾನೇ ಬರೆದ ಸಾಲು ನೋಡಿ ಪೆನ್ನು ನಿಂತಿತು. ಅವರೂ ಮನುಷ್ಯರೇ ಅಲ್ಲವೇ? ಮನುಷ್ಯರನ್ನು ಒಡ್ಡುವ ಕೆಲಸ ನಾಲ್ಕನೆಯ ಗರದಲ್ಲೇ ಶುರುವಾಗಿತ್ತು. ತಮ್ಮಂದಿರ ಸರದಿ ಬರುವವರೆಗೆ ಯಾರಿಗೂ ಅದು ಕಾಣಲಿಲ್ಲ, ಅಷ್ಟೆ.

ಚಿನ್ನದ ಸಾಲದ ಕೌಂಟರು

ಇದನ್ನು ಬರೆಯುವಾಗ ನನಗೆ ಒಬ್ಬರ ನೆನಪಾಯಿತು. ನಾನು ಕೆಲವು ವರ್ಷ ಚಿನ್ನದ ಸಾಲದ ಕೌಂಟರಿನಲ್ಲಿ ಕುಳಿತಿದ್ದೆ. ಊರಿನಲ್ಲಿ ಒಳ್ಳೆಯ ಹೆಸರಿದ್ದ ಒಬ್ಬರು ಯುಗಾದಿ ಕಳೆದ ವಾರ ಬಂದು ಉಂಗುರ ಅಡವಿಟ್ಟರು. ಹಬ್ಬದ ಇಸ್ಪೀಟು ಹಬ್ಬಕ್ಕೆ ನಿಂತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಉಂಗುರದ ನಂತರ ಕೈಬಳೆ ಬಂದವು. ಬಳೆಯ ನಂತರ ಹೆಂಡತಿಯ ಸರ. ಪ್ರತಿ ಸಲವೂ, ತೂಕ ಹಾಕುವ ಮೊದಲೇ, ಈ ಒಡವೆ ಎಲ್ಲಿ ಮಾಡಿಸಿದ್ದು, ಎಂಥ ಕೆಲಸದ್ದು ಎಂದು ವಿವರಿಸುತ್ತಿದ್ದರು. “ಮುಂದಿನ ತಿಂಗಳು ಬಿಡಿಸಿಕೊಳ್ಳುತ್ತೇನೆ ಸ್ವಾಮಿ, ನನಗೇನು ಕಡಿಮೆ?” ಎನ್ನುತ್ತಿದ್ದರು. ಸರ ತಂದ ದಿನ ನಾನು ಮೆಲ್ಲಗೆ, “ಇದೊಂದು ಬೇಡ, ಮನೆಗೆ ತೆಗೆದುಕೊಂಡು ಹೋಗಿ” ಎಂದೆ. ಅವರು ಸುತ್ತ ನೋಡಿದರು. ಹಿಂದೆ ಸಾಲಿನಲ್ಲಿ ಪರಿಚಯದವರು ಇಬ್ಬರು ನಿಂತಿದ್ದರು. ಮುಖ ಕೆಂಪಾಯಿತು. “ನಿಮ್ಮ ಕೆಲಸ ನೀವು ನೋಡಿ” ಎಂದರು. ನಾನು ತೂಕ ಹಾಕಿದೆ. ಆ ಸರ ಮತ್ತೆ ಆ ಮನೆಗೆ ಹೋಗಲಿಲ್ಲ. ಆ ಇಬ್ಬರು ಅಲ್ಲಿರದಿದ್ದರೆ ಅವರು ವಾಪಸು ಹೋಗುತ್ತಿದ್ದರೋ ಏನೋ ಎಂದು ಇಂದಿಗೂ ಅನ್ನಿಸುತ್ತದೆ. ಅವರಿಲ್ಲದಾಗ ಹೇಳಬೇಕಿತ್ತು ನಾನು.

ಧರ್ಮರಾಯ ತಾನೇ ಕೊಟ್ಟ ಉತ್ತರ

ಮೊಮ್ಮಗನ ಪ್ರಶ್ನೆಗೆ ಧರ್ಮರಾಯನೇ ಉತ್ತರ ಕೊಟ್ಟಿದ್ದಾನೆ. ಅದು ಸಭಾಪರ್ವದಲ್ಲಿಲ್ಲ, ವನಪರ್ವದಲ್ಲಿದೆ. ಕಾಡಿನಲ್ಲಿ ಒಂದು ದಿನ ಭೀಮ ಸಿಟ್ಟಿನಿಂದ ಅಣ್ಣನನ್ನು ತರಾಟೆಗೆ ತೆಗೆದುಕೊಂಡ. ಆಗ ಧರ್ಮರಾಯ ತಪ್ಪನ್ನು ಬೇರೆಯವರ ಮೇಲೆ ಹಾಕಲಿಲ್ಲ. ದುರ್ಯೋಧನನ ರಾಜ್ಯವನ್ನು ಗೆಲ್ಲುವ ಆಸೆಯಿಂದಲೇ ತಾನು ದಾಳ ಹಿಡಿದದ್ದೆಂದು ಒಪ್ಪಿಕೊಂಡ. ಸರಿ ಬೆಸ ಎಲ್ಲವೂ ಶಕುನಿ ಬಯಸಿದಂತೆಯೇ ಬೀಳುತ್ತಿರುವುದನ್ನು ಕಣ್ಣಾರೆ ಕಂಡೆ, ಮನಸ್ಸನ್ನು ಆಗಲೇ ತಡೆಯಬಹುದಿತ್ತು, ಆದರೆ ಕೋಪ ಮನುಷ್ಯನ ಧೈರ್ಯವನ್ನು ಕೆಡಿಸುತ್ತದೆ ಎಂದ. ಪೌರುಷ, ಅಭಿಮಾನ, ಪರಾಕ್ರಮ ಇವುಗಳಿಂದ ಕಟ್ಟಿಬಿದ್ದ ಮನಸ್ಸನ್ನು ಹಿಡಿದು ನಿಲ್ಲಿಸಲಾಗದು ಎಂಬುದು ಅವನ ಮಾತಿನ ಸಾರ.

ನೋಡಿ, ಅಭಿಮಾನ ಎಂಬ ಹೆಸರನ್ನು ಅವನೇ ಹೇಳಿದ. ದುರ್ಯೋಧನನ ಗರ್ವ ಎಲ್ಲರಿಗೂ ಕಾಣುತ್ತದೆ, ತೊಡೆ ತಟ್ಟುತ್ತದೆ, ಕೂಗಾಡುತ್ತದೆ. ಧರ್ಮರಾಯನ ಅಭಿಮಾನ ಮೆಲುದನಿಯದು. ಅದು ‘ನಾನು ಹಿಂದೆಗೆಯುವವನಲ್ಲ’, ‘ನನಗೇನು ಕಡಿಮೆ’, ‘ನಾನು ಭೇದ ಮಾಡುವವನಲ್ಲ’ ಎನ್ನುತ್ತದೆ. ಮೂರೂ ಒಳ್ಳೆಯವರ ಮಾತೇ. ಅದಕ್ಕೇ ಅದನ್ನು ಗುರುತಿಸುವುದು ಕಷ್ಟ.

ತಾರೆ ಮರದ ಕೆಳಗೆ

ಅದೇ ವನಪರ್ವದಲ್ಲಿ, ನನಗಿಂತ ದುಃಖಿಯಾದ ದೊರೆ ಇದ್ದಾನೆಯೇ ಎಂದು ಧರ್ಮರಾಯ ಕೇಳಿದಾಗ, ಬೃಹದಶ್ವನೆಂಬ ಋಷಿ ನಳನ ಕಥೆ ಹೇಳುತ್ತಾನೆ. ಕನಕದಾಸರು ಕನ್ನಡದಲ್ಲಿ ‘ನಳಚರಿತ್ರೆ’ ಬರೆದದ್ದು ಈ ಕಥೆಯನ್ನೇ.

ನಿಷಧದ ದೊರೆ ನಳನನ್ನು ಕಲಿ ಹೊಕ್ಕ. ತಮ್ಮ ಪುಷ್ಕರ ಜೂಜಿಗೆ ಕರೆದ. ಆಟ ತಿಂಗಳುಗಟ್ಟಲೆ ನಡೆಯಿತು. ಊರಿನ ಜನ, ಮಂತ್ರಿಗಳು ಬಾಗಿಲಿಗೆ ಬಂದು ನಿಂತರು. ದಮಯಂತಿ ಹೇಳಿದಳು. ನಳ ಮಾತಾಡಲಿಲ್ಲ. ಆಕೆ ಸಾರಥಿಯನ್ನು ಕರೆಸಿ ಇಬ್ಬರು ಮಕ್ಕಳನ್ನೂ ತವರಿಗೆ ಕಳಿಸಿಬಿಟ್ಟಳು. ಮನೆ ಮುಳುಗುವಾಗ ಮೊದಲು ಎಚ್ಚರವಾಗುವುದು ತಾಯಂದಿರಿಗೆ. ಎಲ್ಲ ಸೋತ ಮೇಲೆ, ಇನ್ನು ದಮಯಂತಿಯೊಬ್ಬಳೇ ಉಳಿದಳು, ಅವಳನ್ನು ಒಡ್ಡು ಎಂದು ಪುಷ್ಕರ ನಕ್ಕ. ನಳನ ಎದೆ ಒಡೆದಂತಾಯಿತು. ಆದರೆ ಆಡಲಿಲ್ಲ. ಒಡವೆ ಕಳಚಿಟ್ಟು ಉಟ್ಟ ಒಂದು ಬಟ್ಟೆಯಲ್ಲಿ ಎದ್ದು ನಡೆದ. ಧರ್ಮರಾಯ ನಿಲ್ಲದ ಜಾಗದಲ್ಲಿ ನಳ ನಿಂತ.

ಮುಂದೆ ಅವನು ಕಾಡಿನಲ್ಲಿ ದಮಯಂತಿಯನ್ನೂ ತೊರೆದು, ರೂಪವನ್ನೂ ಕಳೆದುಕೊಂಡು, ಅಯೋಧ್ಯೆಯ ಋತುಪರ್ಣ ರಾಜನ ಬಳಿ ಬಾಹುಕನೆಂಬ ಸಾರಥಿಯಾದ. ಒಂದು ದಿನ ರಾಜನನ್ನು ರಥದಲ್ಲಿ ವಿದರ್ಭಕ್ಕೆ ಕರೆದೊಯ್ಯುತ್ತಿದ್ದಾಗ ದಾರಿಯಲ್ಲಿ ಒಂದು ತಾರೆ ಮರ ಸಿಕ್ಕಿತು. ಅದರ ಎಲೆ, ಕಾಯಿ ಎಷ್ಟೆಂದು ಋತುಪರ್ಣ ನೋಡಿದ ಕೂಡಲೇ ಹೇಳಿದ.

ತಾರೆ ಮರವೇ ಏಕೆ? ಸಿನಿಮಾ, ಟಿವಿಗಳಲ್ಲಿ ನೀವು ನೋಡುವ ಪಗಡೆಯ ದಾಳಕ್ಕಿಂತ ಹಳೆಯ ಜೂಜು ತಾರೆ ಕಾಯಿಯದು. ರಾಶಿ ಕಾಯಿಯಿಂದ ಒಂದು ಹಿಡಿ ತೆಗೆದು ನಾಲ್ಕು ನಾಲ್ಕಾಗಿ ಎಣಿಸುತ್ತಿದ್ದರು ಎಂದು ವಿದ್ವಾಂಸರು ವಿವರಿಸುತ್ತಾರೆ. ಪೂರ್ತಿ ಭಾಗವಾದರೆ ಕೃತ, ಮೂರು ಉಳಿದರೆ ತ್ರೇತ, ಎರಡು ಉಳಿದರೆ ದ್ವಾಪರ, ಒಂದೇ ಉಳಿದರೆ ಕಲಿ. ಹೌದು, ನಾಲ್ಕು ಯುಗಗಳ ಹೆಸರೂ ಜೂಜಿನ ಗರಗಳ ಹೆಸರೂ ಒಂದೇ. ನೋಡಿದೊಡನೆ ಎಣಿಸಬಲ್ಲವನನ್ನು ಅಂಥ ಆಟದಲ್ಲಿ ಸೋಲಿಸುವುದು ಕಷ್ಟ. ಅದಕ್ಕೇ ಆ ವಿದ್ಯೆಗೆ ಅಕ್ಷಹೃದಯ, ಅಂದರೆ ದಾಳದ ಒಳಗುಟ್ಟು, ಎಂದು ಹೆಸರು.

ಬಾಹುಕ ರಥ ನಿಲ್ಲಿಸಿದ. ರಾಜನಿಗೆ ಅವಸರ. ಆದರೂ ಬಾಹುಕ ಮರ ಕಡಿದು ಕಾಯಿಗಳನ್ನು ಒಂದೊಂದಾಗಿ ಎಣಿಸಿದ. ಲೆಕ್ಕ ಸರಿಯಾಗಿತ್ತು. ಆಗ ಆ ಮಾಜಿ ದೊರೆ, ಈ ವಿದ್ಯೆ ನನಗೆ ಕಲಿಸು, ಬದಲಿಗೆ ಕುದುರೆಯ ವಿದ್ಯೆ ಕೊಡುತ್ತೇನೆ ಎಂದು ಕೇಳಿದ. ಋತುಪರ್ಣ ಕೂಡ ತನ್ನ ಸಾರಥಿಯಿಂದ ಕಲಿಯಲು ಒಪ್ಪಿದ. ವಿದ್ಯೆ ಬಂದೊಡನೆ ಕಲಿ ನಳನ ಮೈಬಿಟ್ಟು ಹೊರಬಂದ. ನನಗೆ ಇದರ ಅರ್ಥ ಸರಳವಾಗಿ ಕಾಣುತ್ತದೆ. ‘ನನಗೆ ಗೊತ್ತಿಲ್ಲ, ಕಲಿಸು’ ಎಂದ ದಿನ ನಳನ ಕಲಿ ಬಿಟ್ಟಿತು.

ಆಮೇಲೆ ನಳ ಪುಷ್ಕರನ ಮುಂದೆ ಮತ್ತೆ ಕುಳಿತ. ಈ ಸಲ ದಮಯಂತಿಯನ್ನೂ ಪಣಕ್ಕೆ ಸೇರಿಸಿದ ಎಂದೇ ಕಥೆ ಹೇಳುತ್ತದೆ. ಇದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ. ಆಟ ಬಲ್ಲವನಾಗಿದ್ದರೂ ಅದು ಒಪ್ಪುವ ಮಾತಲ್ಲ. ಒಂದೇ ಗರದಲ್ಲಿ ಗೆದ್ದ. ಗೆದ್ದ ಮೇಲೆ ಮಾಡಿದ್ದು ಮಾತ್ರ ದೊಡ್ಡದು: ತಮ್ಮನನ್ನು ಹೀಯಾಳಿಸಲಿಲ್ಲ, ಅವನ ಪಾಲನ್ನು ಅವನಿಗೇ ಕೊಟ್ಟು, ನೂರು ವರ್ಷ ಬಾಳು ಎಂದು ಹರಸಿ ಕಳಿಸಿದ. ಹಸ್ತಿನಾಪುರದಲ್ಲಿ ಗೆದ್ದವರು ಮಾಡಿದ್ದೇನೆಂದು ನಿಮಗೆ ಗೊತ್ತೇ ಇದೆ.

ಕಥೆ ಮುಗಿಸಿದ ಬೃಹದಶ್ವ ಧರ್ಮರಾಯನಿಗೂ ಅಕ್ಷಹೃದಯ ಕಲಿಸಿದ. ಆ ವಿದ್ಯೆಯಿಂದ ಅವನು ವಿರಾಟನ ಆಸ್ಥಾನದಲ್ಲಿ ಕಂಕನೆಂಬ ಹೆಸರಿನಲ್ಲಿ ದೊರೆಯ ಜೊತೆ ದಾಳ ಆಡುತ್ತಾ ಅಜ್ಞಾತವಾಸ ಕಳೆದ. ಮಗ ಉತ್ತರ ಕೌರವರನ್ನು ಗೆದ್ದನೆಂಬ ಸುದ್ದಿ ಬಂದ ದಿನ ವಿರಾಟ ಹಿಗ್ಗಿನಿಂದ ದಾಳ ತರಿಸಿದ. ಹಿಗ್ಗಿದಾಗ ಆಡಬಾರದು, ಧರ್ಮರಾಯ ಜೂಜಿನಲ್ಲಿ ರಾಜ್ಯ ಕಳೆದುಕೊಂಡದ್ದನ್ನು ಕೇಳಿಲ್ಲವೇ ಎಂದು ಕಂಕ ಎಚ್ಚರಿಸಿದ. ತನ್ನ ಕಥೆಯನ್ನೇ ಬೇರೆಯವನ ಕಥೆಯಂತೆ ಹೇಳಿದ! ವಿರಾಟ ಕೇಳಲಿಲ್ಲ. ಗೆದ್ದದ್ದು ಬೃಹನ್ನಳೆಯಿಂದ ಎಂದು ಕಂಕ ಹೇಳಿದ್ದೇ ತಡ, ಮಗನ ಮೇಲಿನ ಅಭಿಮಾನ ಕೆರಳಿ ದಾಳವನ್ನು ಅವನ ಮುಖಕ್ಕೇ ಎಸೆದ. ಮೂಗಿನಿಂದ ರಕ್ತ ಬಂತು. ಕಂಕ ಸುಮ್ಮನೆ ಕೈಯೊಡ್ಡಿ ಹಿಡಿದ. ಹದಿಮೂರು ವರ್ಷದ ಹಿಂದಿನ ಧರ್ಮರಾಯ ಆಗಿದ್ದರೆ ಸುಮ್ಮನಿರುತ್ತಿದ್ದನೇ?

ಸಾಕು ಎಂದವಳು

ಕೊನೆಗೊಂದು ಮಾತು. ಆ ಜೂಜಿನ ಸಭೆಯಲ್ಲಿ ಸಾಕು ಎಂದವರು ಯಾರೂ ಇರಲಿಲ್ಲವೇ? ಒಬ್ಬಳಿದ್ದಳು. ಸಭೆಗೆ ಎಳೆತಂದ ದ್ರೌಪದಿ, ಆತ ತನ್ನನ್ನು ಮೊದಲು ಸೋತನೋ, ನನ್ನನ್ನು ಮೊದಲು ಸೋತನೋ ಎಂದು ಕೇಳಿದಾಗ ಹಿರಿಯರಲ್ಲಿ ಉತ್ತರವಿರಲಿಲ್ಲ. ಕಡೆಗೆ ಹೆದರಿದ ಧೃತರಾಷ್ಟ್ರ ವರ ಕೇಳು ಎಂದ. ಮೊದಲ ವರದಲ್ಲಿ ಧರ್ಮರಾಯನನ್ನು ದಾಸ್ಯದಿಂದ ಬಿಡಿಸಿದಳು. ಎರಡನೆಯದರಲ್ಲಿ ಉಳಿದ ನಾಲ್ವರನ್ನು, ಅವರ ರಥ, ಬಿಲ್ಲುಗಳ ಸಮೇತ. ಮೂರನೆಯದನ್ನೂ ಕೇಳು ಎಂದ. ಆಕೆ ಬೇಡವೆಂದಳು. ಲೋಭ ಧರ್ಮವನ್ನು ನಾಶಮಾಡುತ್ತದೆ, ನನ್ನ ಗಂಡಂದಿರು ಉಳಿದದ್ದನ್ನು ದುಡಿದು ಪಡೆಯುತ್ತಾರೆ ಎಂದಳು.

ಧೃತರಾಷ್ಟ್ರ ರಾಜ್ಯವನ್ನೂ ಹಿಂದಿರುಗಿಸಿದ. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಅವರು ಊರಿನ ದಾರಿ ಹಿಡಿದಿದ್ದಾಗಲೇ ಇನ್ನೊಂದು ಕರೆ ಬಂತು: ಒಂದೇ ಗರ, ಸೋತವರಿಗೆ ಹನ್ನೆರಡು ವರ್ಷ ಕಾಡು, ಒಂದು ವರ್ಷ ಅಜ್ಞಾತವಾಸ. ಕೇಡಾಗುತ್ತದೆಂದು ತಿಳಿದೂ ಧರ್ಮರಾಯ ರಥ ತಿರುಗಿಸಿದ.

ಮರುದಿನ ಇದನ್ನೆಲ್ಲ ಮೊಮ್ಮಗನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಮೊದಲನೇ ಸಲಕ್ಕಿಂತ ಎರಡನೇ ಸಲ ಹೋದದ್ದೇ ದೊಡ್ಡ ತಪ್ಪು, ಅಲ್ವಾ ತಾತ?” ಎಂದ. ಹೌದೆಂದೆ. ಸಂಜೆ ಮತ್ತೆ ಮನೆ ಬರೆದು ಕುಳಿತೆವು. ಈ ಸಲ ಅವನು ಗೆದ್ದ. ನನಗೆ ತಡೆಯಲಾಗಲಿಲ್ಲ, “ಬಾರೋ, ಇನ್ನೊಂದು ಆಟ” ಎಂದೆ. ಹುಡುಗ ಹುಣಸೆಬೀಜಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ.

“ಸಾಕು ತಾತ” ಎಂದ.